ಕಮಿಟಿ ಒಪ್ಪಿಲ್ಲವೋ, ಕಮಿಟಿಯವರು ಒಪ್ಪಿಲ್ಲವೋ?

ಮೈಸೂರಿನಲ್ಲಿ ಆಫೀಸ್ ಕೆಲಸದವರು ಸೇರಿದ್ದ ಒಂದು ಸಂಜೆ ಆಡಿದ ಮಾತಿನ ಬರಹ ರೂಪ.

ಮೊದಲು ಒಂದು ಮೇಲ್ ಕಥೆ ಹೇಳುತ್ತೇನೆ. ಮೇಲ್ ಬರೆದವಳು ನಾನೇ. ಆಗ ನಾನು ಇದೇ ಊರಿನ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದೆ. ಅಲ್ಲಿ ಏಳು ಜನರ ಕ್ಯಾಂಟೀನ್ ಕಮಿಟಿ ಇತ್ತು. ಊಟದ ಬಗ್ಗೆ ದೂರು ಜಾಸ್ತಿಯಾಗಿ, ಹೊಸ ಕಂಟ್ರಾಕ್ಟರ್ ಒಬ್ಬರಿಂದ ಕೊಟೇಶನ್ ತರಿಸಿದ್ದೆವು. ಶುಕ್ರವಾರ ಮಧ್ಯಾಹ್ನ ಮೀಟಿಂಗ್ ಆಯಿತು. ನಾಲ್ವರು ರೇಟ್ ಸರಿಯಾಗಿದೆ ಎಂದರು. ಮೂವರು ಜಾಸ್ತಿಯಾಯಿತು ಎಂದರು. ಬುಧವಾರ ಮತ್ತೆ ಕೂರೋಣ ಎಂದು ಎಲ್ಲರೂ ಎದ್ದರು.

ಸಂಜೆ ಬಸ್ಸಿಗೆ ಹೊತ್ತಾಗಿತ್ತು. ಹೆಡ್ ಆಫೀಸಿಗೆ ಒಂದೇ ಸಾಲು ಬರೆದು ಕಳಿಸಿದೆ: ‘ದ ಕಮಿಟಿ ಡಸ್ ನಾಟ್ ಅಗ್ರೀ ಟು ದ ನ್ಯೂ ರೇಟ್.’

ನನ್ನ ತಲೆಯಲ್ಲಿ ಇದ್ದ ಮಾತು ‘ಕಮಿಟಿಯವರು ಹೊಸ ರೇಟಿಗೆ ಇನ್ನೂ ಒಪ್ಪಿಲ್ಲ’ ಅಂತ. ಹೆಡ್ ಆಫೀಸಿನವರು ಓದಿದ್ದು ‘ಕಮಿಟಿ ಹೊಸ ರೇಟನ್ನು ಬೇಡ ಎಂದಿದೆ’ ಅಂತ. ಅವರ ತಪ್ಪು ಏನೂ ಇಲ್ಲ, ನಾನು ಬರೆದದ್ದೇ ಹಾಗೆ. ಸೋಮವಾರ ಬೆಳಿಗ್ಗೆ ಅವರು ಕೊಟೇಶನ್ ವಾಪಸ್ ಕಳಿಸಿ ಫೈಲ್ ಮುಚ್ಚಿದರು. ಬುಧವಾರ ಕಮಿಟಿಯವರು ಮತ್ತೆ ಕೂತು, ಐದು ಜನ ಒಪ್ಪಿ, ಹೊಸಬರನ್ನು ಕರೆಯಿರಿ ಎಂದಾಗ ಆ ಕಂಟ್ರಾಕ್ಟರ್ ಬೇರೆ ಕಡೆ ಕೆಲಸ ಹಿಡಿದಿದ್ದರು. ಇನ್ನೂ ಮೂರು ತಿಂಗಳು ಅದೇ ಊಟ, ಅದೇ ದೂರು.

ಆ ಸಾಲಿನಲ್ಲಿ ವ್ಯಾಕರಣದ ತಪ್ಪು ಇಲ್ಲ, ಗಮನಿಸಿ. ಕಮಿಟಿ ಏಕವಚನ, ಡಸ್ ಏಕವಚನ. ಯಾವ ಮೇಷ್ಟ್ರೂ ಕೆಂಪು ಗೆರೆ ಎಳೆಯುವುದಿಲ್ಲ. ಆದರೂ ನನ್ನ ಮನಸ್ಸಿನಿಂದ ಮೇಲಿಗೆ ಹೋಗುವ ದಾರಿಯಲ್ಲಿ ಎರಡು ವಸ್ತು ಬಿದ್ದುಹೋಗಿದ್ದವು. ಒಂದು ‘ಇನ್ನೂ’. ಇನ್ನೊಂದು ‘ಕಮಿಟಿಯವರು’ ಎಂಬುದರ ಕೊನೆಯಲ್ಲಿ ಇರುವ ‘ಅವರು’. ಇವತ್ತು ನಾನು ಮಾತಾಡಬೇಕೆಂದಿರುವುದು ಈ ಎರಡನೆಯದರ ಬಗ್ಗೆ.

ಟೀಮ್, ಕಮಿಟಿ, ಸ್ಟಾಫ್ ಇಂಥ ಗುಂಪಿನ ಪದ ಬಂದಾಗ ‘ಈಸ್’ ಹಾಕಬೇಕೋ ‘ಆರ್’ ಹಾಕಬೇಕೋ ಅಂತ ನೀವೆಲ್ಲ ತಡವರಿಸಿರುತ್ತೀರಿ. ಶಾಲೆಯಲ್ಲಿ ಒಂದು ನಿಯಮ ಹೇಳಿಕೊಟ್ಟಿರುತ್ತಾರೆ: ಗುಂಪು ಒಂದಾಗಿ ಕೆಲಸ ಮಾಡಿದರೆ ಏಕವಚನ, ಬೇರೆಬೇರೆಯಾಗಿ ಮಾಡಿದರೆ ಬಹುವಚನ. ನಿಯಮ ಸರಿಯೇ. ಆದರೆ ಸಂಜೆ ಐದೂವರೆಗೆ ಮೇಲ್ ಬರೆಯುವಾಗ ಅದು ಕೈಗೆ ಸಿಗುವುದಿಲ್ಲ, ಅಲ್ವಾ? ಕೈಗೆ ಸಿಗುವುದು ನಮ್ಮ ಕನ್ನಡ. ಹಾಗಾಗಿ ಕನ್ನಡದಿಂದಲೇ ಶುರು ಮಾಡೋಣ.

ದಸರಾ ಮುಗಿಸಿ ಮನೆಗೆ ಬಂದ ಮೇಲೆ ನಾವು ಏನು ಹೇಳುತ್ತೇವೆ? ‘ಈ ಸಲ ತುಂಬಾ ಜನ ಇತ್ತು’ ಎನ್ನುತ್ತೇವೆ. ‘ತುಂಬಾ ಜನ ಇದ್ದರು’ ಅಂತಲೂ ಎನ್ನುತ್ತೇವೆ. ಎರಡೂ ನಡೆಯುತ್ತದೆ. ‘ಇತ್ತು’ ಅನ್ನುವಾಗ ಕಣ್ಣಿಗೆ ಬರುವುದು ಸಯ್ಯಾಜಿರಾವ್ ರಸ್ತೆ ತುಂಬಿದ ಒಂದು ರಾಶಿ. ‘ಇದ್ದರು’ ಅನ್ನುವಾಗ ಮನುಷ್ಯರು. ಈಗ ಇನ್ನೊಂದು ನೋಡಿ. ಜಂಬೂ ಸವಾರಿ ತಡವಾಯಿತು, ‘ಜನ ಬೈದರು’ ಎನ್ನುತ್ತೇವೆ. ‘ಜನ ಬೈಯಿತು’ ಅಂತ ಯಾರಾದರೂ ಹೇಳುತ್ತಾರಾ? ಇಲ್ಲ. ಬೈಯುವುದು, ಕೂರುವುದು, ಒಪ್ಪದೆ ವಾದ ಮಾಡುವುದು ಒಬ್ಬೊಬ್ಬರೂ ಮಾಡುವ ಕೆಲಸ. ತುಂಬಿಕೊಳ್ಳುವುದು ಗುಂಪು ಮಾಡುವ ಕೆಲಸ. ಯಾರೂ ಕಲಿಸದೆ ಇದು ನಮಗೆ ಬರುತ್ತದೆ. ಇಂಗ್ಲಿಷಿನ ಆ ನಿಯಮ ಹೇಳುವುದೂ ಇದನ್ನೇ.

ಇನ್ನೂ ಒಂದು ಉಪಾಯ ನಮ್ಮಲ್ಲಿದೆ. ಗುಂಪಿನ ಹೆಸರಿಗೆ ‘ಅವರು’ ಸೇರಿಸುವುದು. ಸಮಿತಿ, ಸಮಿತಿಯವರು. ತಂಡ, ತಂಡದವರು. ‘ಸಮಿತಿ ವರದಿ ಕೊಟ್ಟಿದೆ’ ಅಂದರೆ ಒಂದು ವರದಿ, ಒಂದು ಮಾತು. ‘ಸಮಿತಿಯವರು ಜಗಳ ಆಡಿದರು’ ಅಂದರೆ ಒಳಗಿನ ಜನ. ‘ಸಮಿತಿ ಜಗಳ ಆಡಿತು’ ಅಂದರೆ ಸಮಿತಿ ಹೊರಗಿನ ಯಾರ ಜೊತೆಗೋ ಜಗಳಕ್ಕೆ ನಿಂತ ಹಾಗೆ ಕೇಳಿಸುತ್ತದೆ.

ಇಂಗ್ಲಿಷಿನಲ್ಲಿ ಈ ‘ಅವರು’ ಮಾಡುವ ಕೆಲಸವನ್ನು ‘ಮೆಂಬರ್ಸ್’ ಎಂಬ ಪದ ಮಾಡುತ್ತದೆ. ಕಮಿಟಿ ಮೆಂಬರ್ಸ್, ಟೀಮ್ ಮೆಂಬರ್ಸ್, ಸ್ಟಾಫ್ ಮೆಂಬರ್ಸ್. ನಾನು ಆ ಶುಕ್ರವಾರ ಬರೆಯಬೇಕಾಗಿದ್ದದ್ದು ಹೀಗೆ: ‘ದ ಕಮಿಟಿ ಮೆಂಬರ್ಸ್ ಹ್ಯಾವ್ ನಾಟ್ ಯೆಟ್ ಅಗ್ರೀಡ್ ಆನ್ ದ ನ್ಯೂ ರೇಟ್. ಫೋರ್ ಆರ್ ಇನ್ ಫೇವರ್ ಅಂಡ್ ಥ್ರೀ ಆರ್ ಅಗೇನ್ಸ್ಟ್. ದ ಕಮಿಟಿ ವಿಲ್ ಮೀಟ್ ಅಗೇನ್ ಆನ್ ವೆಡ್ನೆಸ್‌ಡೇ.’ ಮೂರು ಸಾಲು. ಮೊದಲ ಸಾಲಿನಲ್ಲಿ ಮೆಂಬರ್ಸ್, ಜೊತೆಗೆ ಹ್ಯಾವ್. ಎರಡನೇ ಸಾಲಿನಲ್ಲಿ ಎಷ್ಟು ಜನ ಎತ್ತ ಎಂಬ ಲೆಕ್ಕ. ಮೂರನೇ ಸಾಲಿನಲ್ಲಿ ಕಮಿಟಿ ಮತ್ತೆ ಒಂದೇ ಆಗಿದೆ, ಯಾಕೆಂದರೆ ಮೀಟಿಂಗ್ ಸೇರುವುದು ಇಡೀ ಕಮಿಟಿ. ಇದನ್ನು ಓದಿದ ಯಾರೂ ಫೈಲ್ ಮುಚ್ಚುತ್ತಿರಲಿಲ್ಲ.

ಇಲ್ಲಿ ಕೆಲವರು ಕೇಳಬಹುದು: ಮೆಂಬರ್ಸ್ ಯಾಕೆ, ‘ದ ಕಮಿಟಿ ಡು ನಾಟ್ ಅಗ್ರೀ’ ಅಂತ ಬರೆದಿದ್ದರೆ ಸಾಕಿತ್ತಲ್ಲ? ಬ್ರಿಟಿಷ್ ಇಂಗ್ಲಿಷಿನಲ್ಲಿ ಅದು ಸರಿಯೇ. ಅಲ್ಲಿ ಟೀಮ್, ಕಮಿಟಿ, ಗವರ್ನಮೆಂಟ್ ಇವುಗಳ ಜೊತೆ ‘ಆರ್’, ‘ಹ್ಯಾವ್’ ಹಾಕುವ ವಾಡಿಕೆ ಇದೆ. ನೀವು ಅದನ್ನು ದಿನಾ ಕೇಳಿದ್ದೀರಿ, ಕ್ರಿಕೆಟ್ ಕಾಮೆಂಟರಿಯಲ್ಲಿ. ‘ಇಂಡಿಯಾ ಆರ್ ಬ್ಯಾಟಿಂಗ್’ ಎನ್ನುತ್ತಾರೆ. ಅಲ್ಲಿ ಇಂಡಿಯಾ ಅಂದರೆ ದೇಶ ಅಲ್ಲ, ಹನ್ನೊಂದು ಜನ. ದೇಶದ ಬಗ್ಗೆ ಬರೆಯುವಾಗ ‘ಇಂಡಿಯಾ ಈಸ್’ ಎಂದೇ ಬರಬೇಕು. ಅಮೆರಿಕದಲ್ಲಿ ಟೀಮ್ ಅಂದರೆ ಹೆಚ್ಚುಕಮ್ಮಿ ಯಾವಾಗಲೂ ‘ಈಸ್’. ನೀವು ‘ಡು ನಾಟ್’ ಎಂದು ಬರೆದರೆ ಲಂಡನ್ನಿನವರು ಬಹುಶಃ ಸೂಕ್ಷ್ಮ ಹಿಡಿಯುತ್ತಾರೆ. ಅಮೆರಿಕದವರು ‘ಪಾಪ, ವ್ಯಾಕರಣ ತಪ್ಪಿದೆ’ ಎಂದುಕೊಂಡು ಅದನ್ನು ‘ಡಸ್ ನಾಟ್’ ಎಂದೇ ಓದಿಕೊಳ್ಳುತ್ತಾರೆ. ಒಂದು ಪುಟ್ಟ ಕ್ರಿಯಾಪದದ ತಲೆಯ ಮೇಲೆ ಅಷ್ಟು ಭಾರ ಹೊರಿಸಬೇಡಿ. ಟೀಮ್, ಕಮಿಟಿ, ಮ್ಯಾನೇಜ್‌ಮೆಂಟ್ ಇವಕ್ಕೆ ಏಕವಚನ ಹಾಕಿದರೆ ಎರಡೂ ಕಡೆ ನಡೆಯುತ್ತದೆ. ಒಳಗಿನ ಜನರ ಬಗ್ಗೆ ಹೇಳಬೇಕಾದಾಗ ಮೆಂಬರ್ಸ್ ಸೇರಿಸಿ. ಅದೂ ಎರಡೂ ಕಡೆ ನಡೆಯುತ್ತದೆ.

ಅಂದಹಾಗೆ, ಈ ತಲೆನೋವು ಎಲ್ಲ ಸಾಲಿನಲ್ಲೂ ಇಲ್ಲ. ‘ದ ಟೀಮ್ ಫಿನಿಶ್ಡ್ ದ ಟೆಸ್ಟಿಂಗ್’, ‘ದ ಟೀಮ್ ವಿಲ್ ಕಾಲ್ ಯೂ’, ‘ದ ಟೀಮ್ ಕ್ಯಾನ್ ಜಾಯಿನ್’ ಇವುಗಳಲ್ಲಿ ಏಕವಚನ ಬಹುವಚನ ಎರಡಕ್ಕೂ ರೂಪ ಒಂದೇ. ಸಮಸ್ಯೆ ಬರುವುದು ಈಸ್ ಆರ್, ಹ್ಯಾಸ್ ಹ್ಯಾವ್, ವಾಸ್ ವರ್, ಮತ್ತೆ ಕ್ರಿಯಾಪದದ ಕೊನೆಗೆ ‘ಎಸ್’ ಬರುವ ವರ್ತಮಾನ ಕಾಲದಲ್ಲಿ ಮಾತ್ರ.

ಕ್ರಿಯಾಪದ ಸರಿ ಮಾಡಿಕೊಂಡವರೂ ಅದರ ಮುಂದಿನ ಹೆಜ್ಜೆಯಲ್ಲಿ ಜಾರುತ್ತಾರೆ. ಸರ್ವನಾಮದಲ್ಲಿ. ಒಂದು ಉದಾಹರಣೆ ತಗೊಳ್ಳೋಣ. ಎಂಟು ಜನರ ಟೀಮ್, ಎಲ್ಲರಿಗೂ ಹೊಸ ಲ್ಯಾಪ್‌ಟಾಪ್ ಬಂದಿದೆ. ‘ದ ಟೀಮ್ ಹ್ಯಾಸ್ ರಿಸೀವ್ಡ್ ಇಟ್ಸ್ ಲ್ಯಾಪ್‌ಟಾಪ್’ ಎಂದು ಬರೆದರೆ ವ್ಯಾಕರಣ ಶುದ್ಧ. ಆದರೆ ಸ್ಟೋರ್ಸ್‌ನಲ್ಲಿ ಓದುವವರಿಗೆ ಇಡೀ ಟೀಮಿಗೆ ಒಂದು ಲ್ಯಾಪ್‌ಟಾಪ್ ಬಂದಂತೆ ಕಾಣುತ್ತದೆ. ‘ದ ಟೀಮ್ ಹ್ಯಾಸ್ ರಿಸೀವ್ಡ್ ದೇರ್ ಲ್ಯಾಪ್‌ಟಾಪ್ಸ್’ ಎಂದರೆ ಅರ್ಥ ಆಗುತ್ತದೆ, ಮಾತಿನಲ್ಲಿ ಜನ ಹಾಗೆ ಹೇಳುತ್ತಾರೆ ಕೂಡ. ಆದರೆ ಮೊದಲರ್ಧ ಒಬ್ಬರು, ಉಳಿದರ್ಧ ಹಲವರು ಆಗಿಬಿಟ್ಟಿತು. ‘ಆಲ್ ಎಯ್ಟ್ ಟೀಮ್ ಮೆಂಬರ್ಸ್ ಹ್ಯಾವ್ ರಿಸೀವ್ಡ್ ದೇರ್ ಲ್ಯಾಪ್‌ಟಾಪ್ಸ್’ ಎಂದು ಬರೆಯಿರಿ. ಲೆಕ್ಕವೂ ಸಿಕ್ಕಿತು, ಹ್ಯಾವ್ ಮತ್ತು ದೇರ್ ಎರಡೂ ತಾವಾಗಿಯೇ ಬಂದು ಕೂತವು. ಮೇಲ್ ಕಳಿಸುವ ಮುಂಚೆ ನಾನು ಈಗಲೂ ಹೀಗೆ ಮಾಡುತ್ತೇನೆ: ಕ್ರಿಯಾಪದದ ಮೇಲೆ ಬೆರಳಿಟ್ಟು, ಅಲ್ಲಿಂದ ಮುಂದೆ ಇಟ್ಸ್ ಇದೆಯೋ ದೇರ್ ಇದೆಯೋ ನೋಡುತ್ತೇನೆ. ಹ್ಯಾಸ್ ಜೊತೆ ಇಟ್ಸ್. ಹ್ಯಾವ್ ಜೊತೆ ದೇರ್.

ಈ ‘ಅವರು’ ಪರೀಕ್ಷೆ ಎಲ್ಲಿ ಕೈಕೊಡುತ್ತದೆ ಅಂತಲೂ ಹೇಳಬೇಕು. ನಾವು ‘ಬ್ಯಾಂಕಿನವರು ಲೋನ್ ಕೊಟ್ಟರು’, ‘ಮ್ಯಾನೇಜ್‌ಮೆಂಟಿನವರು ರಜೆ ಕೊಟ್ಟಿಲ್ಲ’ ಎನ್ನುತ್ತೇವೆ. ಇಲ್ಲಿ ‘ಅವರು’ ಬಂದಿರುವುದು ನಮ್ಮ ಮಾತಿನ ರೂಢಿಯಿಂದ. ಬ್ಯಾಂಕಿನ ಒಬ್ಬೊಬ್ಬರೂ ಲೋನ್ ಕೊಟ್ಟಿಲ್ಲ. ಆದ್ದರಿಂದ ‘ಬ್ಯಾಂಕ್ ಮೆಂಬರ್ಸ್ ಹ್ಯಾವ್’ ಅಂತ ಬರೆಯಬಾರದು, ‘ದ ಬ್ಯಾಂಕ್ ಹ್ಯಾಸ್’ ಎಂದೇ ಬರೆಯಬೇಕು. ಅನುಮಾನ ಬಂದಾಗ ‘ಒಬ್ಬೊಬ್ಬರೂ’ ಎಂಬ ಪದ ಸೇರಿಸಿ ನೋಡಿ. ‘ಕಮಿಟಿಯವರು ಒಬ್ಬೊಬ್ಬರೂ ಒಂದೊಂದು ಹೇಳಿದರು’ ಕೂಡುತ್ತದೆ. ಹಾಗಾದರೆ ಮೆಂಬರ್ಸ್. ‘ಬ್ಯಾಂಕಿನವರು ಒಬ್ಬೊಬ್ಬರೂ ಲೋನ್ ಕೊಟ್ಟರು’ ಕೂಡುವುದಿಲ್ಲ. ಹಾಗಾದರೆ ಏಕವಚನ.

ಈಗ ಸ್ಟಾಫ್. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಕಡೆಯ ಮೇಲ್‌ಗಳಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವ ಪದ ಇದೇ.

‘ಟುಡೇ ಥ್ರೀ ಸ್ಟಾಫ್ಸ್ ಆರ್ ಆನ್ ಲೀವ್.’ ‘ಒನ್ ಸ್ಟಾಫ್ ಈಸ್ ನಾಟ್ ವೆಲ್.’ ಇಂಥವು ನಮ್ಮ ಆಫೀಸುಗಳಲ್ಲಿ ದಿನಾ ಓಡಾಡುತ್ತವೆ. ಇವು ಎಲ್ಲಿಂದ ಬಂದವು? ಕನ್ನಡದಿಂದಲೇ ಎಂಬುದು ನನ್ನ ಲೆಕ್ಕ. ‘ಇವತ್ತು ಮೂವರು ಸಿಬ್ಬಂದಿ ಬಂದಿಲ್ಲ’ ಎನ್ನುತ್ತೇವೆ. ‘ಒಬ್ಬ ಸಿಬ್ಬಂದಿ’ ಅಂತ ಪೇಪರಿನಲ್ಲೂ ಬರುತ್ತದೆ. ಸಿಬ್ಬಂದಿ ಎಂಬ ಪದ ಕನ್ನಡದಲ್ಲಿ ಇಡೀ ಗುಂಪಿಗೂ ಆಗುತ್ತದೆ, ಅದರೊಳಗಿನ ಒಬ್ಬರಿಗೂ ಆಗುತ್ತದೆ. ಇಂಗ್ಲಿಷಿನ ಸ್ಟಾಫ್ ಹಾಗಲ್ಲ. ಅದು ಗುಂಪಿನ ಹೆಸರು ಮಾತ್ರ. ಅದರೊಳಗಿನ ಒಬ್ಬರಿಗೆ ಸ್ಟಾಫ್ ಮೆಂಬರ್ ಎನ್ನಬೇಕು. ಹಾಗಾಗಿ ‘ಥ್ರೀ ಸ್ಟಾಫ್ ಮೆಂಬರ್ಸ್ ಆರ್ ಆನ್ ಲೀವ್’, ‘ಒನ್ ಸ್ಟಾಫ್ ಮೆಂಬರ್ ಈಸ್ ನಾಟ್ ವೆಲ್’. ಬ್ರಿಟನ್ನಿನಲ್ಲಿ ‘ಥ್ರೀ ಸ್ಟಾಫ್ ಆರ್’ ಎಂದು ಬರೆಯುವುದೂ ಉಂಟು. ಅಲ್ಲೂ ಕೊನೆಗೆ ‘ಎಸ್’ ಇಲ್ಲ, ನೋಡಿ.

ಸ್ಟಾಫ್ಸ್ ಎಂಬ ಪದವೇ ಇಲ್ಲವಾ? ಇದೆ. ಎರಡು ಕಾಲೇಜು ಇವೆ ಅಂದುಕೊಳ್ಳಿ, ಎರಡರ ಸಿಬ್ಬಂದಿ ವರ್ಗಗಳೂ ಸೇರಿ ಒಂದು ಸಭೆ ಮಾಡುತ್ತವೆ. ಆಗ ‘ದ ಸ್ಟಾಫ್ಸ್ ಆಫ್ ದ ಟೂ ಕಾಲೇಜಸ್’ ಎನ್ನಬಹುದು. ಅಂದರೆ ಎರಡು ಗುಂಪು. ಈಗ ‘ಥ್ರೀ ಸ್ಟಾಫ್ಸ್ ಆರ್ ಆನ್ ಲೀವ್’ ಎಂಬುದನ್ನು ಆ ಕಣ್ಣಿನಿಂದ ಓದಿ. ಮೂರು ಆಫೀಸಿನ ಎಲ್ಲರೂ ರಜೆ ಹಾಕಿದ ಹಾಗಾಯಿತು.

ಇದರದೇ ತಮ್ಮ ಇನ್ನೊಂದು ಇದೆ, ಸೆಕ್ಯುರಿಟಿ. ‘ಗೇಟಲ್ಲಿ ಇಬ್ಬರು ಸೆಕ್ಯುರಿಟಿ ಇದ್ದಾರೆ’ ಎನ್ನುವುದು ನಮ್ಮ ಮಾತು. ಅದು ಮೇಲಿನಲ್ಲಿ ‘ಟೂ ಸೆಕ್ಯುರಿಟೀಸ್ ಆರ್ ರಿಕ್ವೈರ್ಡ್’ ಆಗುತ್ತದೆ. ಸೆಕ್ಯುರಿಟೀಸ್ ಅಂದರೆ ಶೇರು, ಬಾಂಡು. ಅಕೌಂಟ್ಸ್ ವಿಭಾಗದವರು ಓದಿದರೆ ತಬ್ಬಿಬ್ಬಾಗುತ್ತಾರೆ. ‘ಟೂ ಸೆಕ್ಯುರಿಟಿ ಗಾರ್ಡ್ಸ್’ ಎಂದು ಬರೆಯಿರಿ.

ಇನ್ನು ಕ್ರಿಯಾಪದ. ಸ್ಟಾಫ್ ಜೊತೆ ಅಮೆರಿಕದವರು ಹೆಚ್ಚಾಗಿ ‘ಈಸ್’ ಹಾಕುತ್ತಾರೆ, ಬ್ರಿಟಿಷರು ಹೆಚ್ಚಾಗಿ ‘ಆರ್’. ನಮ್ಮ ಆಫೀಸು ಸುತ್ತೋಲೆಗಳು ಬ್ರಿಟಿಷ್ ದಾರಿಯಲ್ಲೇ ಬಂದಿವೆ: ‘ಆಲ್ ಸ್ಟಾಫ್ ಆರ್ ರಿಕ್ವೆಸ್ಟೆಡ್ ಟು’ ಎಂದು ಶುರುವಾಗುತ್ತವೆ. ಅದು ಸರಿಯಾಗಿದೆ, ಬದಲಾಯಿಸಬೇಡಿ. ‘ಆಲ್’ ಬಂದಾಗ ಮನಸ್ಸಿನಲ್ಲಿ ಇರುವುದು ಎಲ್ಲರೂ. ಅದಕ್ಕೆ ‘ಈಸ್’ ಹಾಕಿದರೆ ಕಿವಿಗೆ ಚುಚ್ಚುತ್ತದೆ. ಅದೇ ಸುತ್ತೋಲೆಯ ಎರಡನೇ ಪ್ಯಾರಾದಲ್ಲಿ ‘ಸ್ಟಾಫ್ ಹ್ಯಾಸ್ ಟು ವೇರ್ ಇಟ್ಸ್ ಐಡಿ ಕಾರ್ಡ್’ ಎಂದು ಬಂದುಬಿಡುತ್ತದೆ. ಮೇಲೆ ‘ಆರ್’, ಕೆಳಗೆ ‘ಹ್ಯಾಸ್’. ಒಂದು ಮೇಲಿನಲ್ಲಿ ಒಂದೇ ದಾರಿ ಹಿಡಿಯಿರಿ: ‘ಆಲ್ ಸ್ಟಾಫ್ ಆರ್ ರಿಕ್ವೆಸ್ಟೆಡ್ ಟು ವೇರ್ ದೇರ್ ಐಡಿ ಕಾರ್ಡ್ಸ್.’

ಇನ್ನೊಂದು ಗುಂಡಿ ಇದೆ. ‘ಒನ್ ಆಫ್ ದ ಸ್ಟಾಫ್ ಮೆಂಬರ್ಸ್ ಆರ್ ಅಬ್ಸೆಂಟ್’ ಎಂದು ಬರೆಯುತ್ತಾರೆ. ಕ್ರಿಯಾಪದದ ಪಕ್ಕದಲ್ಲೇ ಮೆಂಬರ್ಸ್ ನಿಂತಿರುವುದರಿಂದ ಕೈ ತಾನಾಗಿ ‘ಆರ್’ ಒತ್ತುತ್ತದೆ. ಕನ್ನಡದಲ್ಲಿ ಹೇಳಿ ನೋಡಿ: ‘ಸಿಬ್ಬಂದಿಯಲ್ಲಿ ಒಬ್ಬರು ಬಂದಿಲ್ಲ.’ ಬಾರದವರು ಒಬ್ಬರು. ಹಾಗಾಗಿ ‘ಈಸ್’. ಕನ್ನಡದಲ್ಲಿ ‘ಒಬ್ಬರು’ ಎಂಬ ಗೌರವದ ರೂಪಕ್ಕೆ ಬಹುವಚನದ ಕ್ರಿಯಾಪದ ಬರುತ್ತದೆ, ‘ಒಬ್ಬರು ಬಂದಿದ್ದಾರೆ’ ಎನ್ನುತ್ತೇವೆ. ಆ ಗೌರವ ಇಂಗ್ಲಿಷಿನ ಕ್ರಿಯಾಪದಕ್ಕೆ ಹೋಗುವುದಿಲ್ಲ. ಎಷ್ಟು ದೊಡ್ಡ ಸಾಹೇಬರಾದರೂ ‘ಈಸ್’ ಅಷ್ಟೇ.

ಡೇಟಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಈ ಸಾಲಿಗೆ ಸೇರಿದ ಪದವೂ ಅಲ್ಲ. ಅದರೊಳಗೆ ಜನ ಇಲ್ಲ, ಆದ್ದರಿಂದ ‘ಅವರು’ ಪರೀಕ್ಷೆ ನಡೆಯುವುದಿಲ್ಲ. ಮೂಲದಲ್ಲಿ ಇದು ಲ್ಯಾಟಿನ್ ಬಹುವಚನ, ಏಕವಚನ ಡೇಟಮ್. ಹಾಗಾಗಿ ವಿಜ್ಞಾನದ ಬರಹದಲ್ಲಿ ‘ಡೇಟಾ ಆರ್’ ಎನ್ನುವ ಪದ್ಧತಿ ಉಳಿದುಕೊಂಡಿದೆ. ಮನಶ್ಶಾಸ್ತ್ರದಂಥ ವಿಷಯಗಳಲ್ಲಿ ಬಳಸುವ ಎಪಿಎ ಶೈಲಿ ಈಗಲೂ ‘ಆರ್’ ಅನ್ನೇ ಕೇಳುತ್ತದೆ. ನಿಮ್ಮಲ್ಲಿ ಸಿಎಫ್‌ಟಿಆರ್‌ಐನಂಥ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುವವರು ಇದ್ದರೆ, ಪೇಪರ್ ಕಳಿಸುವ ಜರ್ನಲ್ ಏನು ಹೇಳುತ್ತದೋ ಹಾಗೆ ಬರೆಯಿರಿ. ಉಳಿದವರ ಆಫೀಸು ಮೇಲಿಗೆ ‘ಡೇಟಾ ಈಸ್’ ಸರಿ.

ಮಂಡ್ಯದಿಂದ ಬಂದವರು ಮುಂದಿನ ಸಾಲಿನಲ್ಲಿ ಕೂತಿದ್ದೀರಿ, ನಿಮಗೆ ಇದು ಸುಲಭ. ಡೇಟಾ ಅಂದರೆ ಸಕ್ಕರೆ ಎಂದುಕೊಳ್ಳಿ. ಮೂಟೆಯಲ್ಲಿ ಲಕ್ಷಾಂತರ ಹರಳು ಇರುತ್ತವೆ, ಆದರೂ ‘ಸಕ್ಕರೆ ಇದೆ’ ಎನ್ನುತ್ತೇವೆ. ‘ಸಕ್ಕರೆಗಳು ಇವೆ’ ಅಂತ ಯಾರೂ ಹೇಳಲ್ಲ. ‘ಒಂದು ಸಕ್ಕರೆ ಕೊಡಿ’ ಎಂದರೆ ಅಂಗಡಿಯವರು ಒಂದು ಏನು, ಕೇಜಿನಾ, ಪ್ಯಾಕೆಟ್ಟಾ ಎಂದು ಕೇಳುತ್ತಾರೆ. ಹಾಗೆಯೇ ‘ಡೇಟಾಸ್’ ಇಲ್ಲ, ‘ಒನ್ ಡೇಟಾ’ ಇಲ್ಲ. ಒಂದನ್ನು ತೋರಿಸಬೇಕಾದರೆ ಒನ್ ಎಂಟ್ರಿ, ಒನ್ ರೆಕಾರ್ಡ್, ಒನ್ ರೋ. ‘ಟೂ ಡೇಟಾಸ್ ಆರ್ ಮಿಸ್ಸಿಂಗ್’ ಎಂದು ಬರೆದರೆ ಓದುವವರು ಹುಡುಕಬೇಕಾದ್ದು ಎರಡು ಫೈಲನ್ನೋ, ಎರಡು ಸಾಲನ್ನೋ, ಎರಡು ಅಂಕಿಯನ್ನೋ ಗೊತ್ತಾಗುವುದಿಲ್ಲ. ‘ಟೂ ರೋಸ್ ಆರ್ ಮಿಸ್ಸಿಂಗ್’ ಎಂದರೆ ನೇರ ಹೋಗಿ ನೋಡುತ್ತಾರೆ. ಒಂದೇ ಎಚ್ಚರ: ಈಸ್ ಹಾಕಿದ ಮೇಲೆ ಮುಂದಿನ ಸಾಲಿನಲ್ಲಿ ‘ದೀಸ್ ಡೇಟಾ’ ಎನ್ನಬೇಡಿ. ‘ದಿಸ್ ಡೇಟಾ ಈಸ್’, ಇಲ್ಲವೇ ‘ದೀಸ್ ಡೇಟಾ ಆರ್’. ಬೆರಕೆ ಬೇಡ.

ಕೊನೆಗೆ ಒಬ್ಬರು ಎರಡು ಪ್ರಶ್ನೆ ಕೇಳಿದರು. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುವವರು. ಪೊಲೀಸ್ ಪದಕ್ಕೆ ಏನು ಹಾಕಬೇಕು ಎಂಬುದು ಮೊದಲನೆಯದು. ಅಲ್ಲಿ ಆಯ್ಕೆಯೇ ಇಲ್ಲ, ಯಾವ ದೇಶದಲ್ಲೂ ‘ಪೊಲೀಸ್ ಆರ್’. ನಾವೂ ‘ಪೊಲೀಸರು ಬಂದರು’ ಎನ್ನುತ್ತೇವಲ್ಲ, ಅದೇ ಜಾಡು. ಒಬ್ಬರಾದರೆ ಪೊಲೀಸ್ ಆಫೀಸರ್ ಅಥವಾ ಕಾನ್‌ಸ್ಟೇಬಲ್ ಎಂದು ಬರೆಯಿರಿ.

ಎರಡನೆಯದು ಒಳ್ಳೆಯ ಪ್ರಶ್ನೆ. ಹಳೆಯ ಸರ್ಕಾರಿ ಆದೇಶಗಳಲ್ಲಿ ‘ಗವರ್ನಮೆಂಟ್ ಆರ್ ಪ್ಲೀಸ್ಡ್ ಟು’ ಎಂದು ಇರುತ್ತದೆ, ನೀವು ನೋಡಿದರೆ ಏಕವಚನ ಹಾಕಿ ಎನ್ನುತ್ತೀರಿ, ಆದೇಶ ತಪ್ಪಾ ಎಂದು ಕೇಳಿದರು. ತಪ್ಪಲ್ಲ. ಅದು ಬ್ರಿಟಿಷರ ಕಾಲದಿಂದ ಬಂದ ಕಚೇರಿ ಭಾಷೆ. ಆದೇಶದ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕುವಾಗ ‘ಆರ್’ ಇದ್ದರೆ ‘ಆರ್’ ಎಂದೇ ಬರೆಯಿರಿ, ತಿದ್ದಬೇಡಿ. ಚಿಹ್ನೆ ಮುಗಿದು ನಿಮ್ಮ ಮಾತು ಶುರುವಾದ ಮೇಲೆ ‘ದ ಗವರ್ನಮೆಂಟ್ ಹ್ಯಾಸ್’ ಎಂದು ಹಿಡಿದು, ಪತ್ರ ಮುಗಿಯುವವರೆಗೂ ಹಾಗೇ ಹೋಗಿ. ಅವರು ತಮ್ಮ ಫೋನಿನಲ್ಲಿ ಅರ್ಧ ಬರೆದಿದ್ದ ಒಂದು ಪತ್ರ ತೋರಿಸಿದರು. ನಾಲ್ಕು ಕಡೆ ಗವರ್ನಮೆಂಟ್ ಬಂದಿತ್ತು. ಎರಡು ಕಡೆ ಹ್ಯಾಸ್, ಎರಡು ಕಡೆ ಹ್ಯಾವ್. ಅಲ್ಲೇ ನಿಂತು ಇಬ್ಬರೂ ಸೇರಿ ಸರಿ ಮಾಡಿದೆವು.